ಪೈ ಆಯ್ತು!

ಕೆಲಸಕ್ಕೆ ಸೇರಿದ ಮೂರನೆಯ ದಿನ ಮೇಸ್ತ್ರಿಗಳು ಒಳಗಿನಿಂದ ‘ಫರ್ನಿಚರ್ ತಗಂಬಾರೋ’ ಎಂದು ಕೂಗಿದರು. ನಾನು ಹೊರಗಿನ ಕೋಣೆಯಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲನ್ನು ಹೊತ್ತುಕೊಂಡು ಹೋಗಿ ಅವರ ಮುಂದಿಟ್ಟೆ. ಅವರು ನನ್ನನ್ನೂ ಸ್ಟೂಲನ್ನೂ ಒಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅವರಿಗೆ ಬೇಕಾಗಿದ್ದದ್ದು ಮೂಲೆಯ ಡಬ್ಬದಲ್ಲಿದ್ದ ಗೇಣುದ್ದದ ಮರದ ಪಟ್ಟಿಗಳು. ಜೋಡಿಸಿದ ಮೊಳೆಗಳ ಸುತ್ತ ಕಬ್ಬಿಣದ ಚೌಕಟ್ಟಿನೊಳಗೆ ಜಾಗ ತುಂಬಲು ಇಡುವ ಆ ಪಟ್ಟಿಗಳಿಗೆ ಅಚ್ಚುಕೂಟದ ಭಾಷೆಯಲ್ಲಿ ಫರ್ನಿಚರ್ ಎಂದು ಹೆಸರು. ಹುಟ್ಟಿದಾಗಿನಿಂದ ನಾನು ಕಂಡಿದ್ದ ಫರ್ನಿಚರ್‌ಗೆ ಕಾಲುಗಳಿದ್ದವು. ಅದರಲ್ಲಿ ನನ್ನ ತಪ್ಪೇನಿತ್ತೋ ಇವತ್ತಿಗೂ ತಿಳಿದಿಲ್ಲ. ಒಂದು ತಿಂಗಳು ನನಗೆ ‘ಸ್ಟೂಲು’ ಎಂಬ ಹೆಸರೇ ಖಾಯಂ ಆಯಿತು.

ಇದು 1983ರ ಮಾತು. ಊರು ಸಾಗರ. ಪಿಯುಸಿಯಲ್ಲಿ ನಾನು ಗಣಿತವನ್ನೂ ಗಣಿತ ನನ್ನನ್ನೂ ಪರಸ್ಪರ ಒಪ್ಪದೆ ಬಿಟ್ಟ ಮೇಲೆ, ಅಪ್ಪ ತಮ್ಮ ಸ್ನೇಹಿತರ ಪ್ರೆಸ್ಸಿಗೆ ನನ್ನನ್ನು ಸೇರಿಸಿದರು. ತಿಂಗಳಿಗೆ 120 ರೂಪಾಯಿ ಸಂಬಳ, ಮಧ್ಯಾಹ್ನ ಒಂದು ಚಹಾ. ಪ್ರೆಸ್ಸೆಂದರೆ ಹೆಂಚಿನ ಮಾಡಿನ ಉದ್ದ ಕೋಣೆ, ಒಂದು ಕಾಲಿನಿಂದ ತುಳಿಯುವ ಟ್ರೆಡಲ್ ಮಿಷನ್ನು, ಗೋಡೆಯುದ್ದಕ್ಕೂ ಮೊಳೆಯ ಕೇಸುಗಳು. ಒಳಗೆ ಇದ್ದವರು ನಾಲ್ಕೇ ಜನ. ಹಣ ಎಣಿಸುವ ಯಜಮಾನರು, ಮೊಳೆ ಜೋಡಿಸುವ ಮೇಸ್ತ್ರಿಗಳು, ಟ್ರೆಡಲ್ ತುಳಿಯುವ ಮಾಮ, ಮತ್ತು ಈ ಮೂವರೂ ಬೇಡವೆಂದ ಕೆಲಸಗಳನ್ನೆಲ್ಲ ಮಾಡಲು ನಾನು.

ನಾನು ಮಾಡುತ್ತಿದ್ದ ಮುಖ್ಯ ಕೆಲಸ ಮೊಳೆ ಬಿಚ್ಚುವುದು. ಅಚ್ಚಾದ ಮೇಲೆ ಆ ಸೀಸದ ಅಕ್ಷರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದನ್ನೂ ಅದರದರ ಗೂಡಿಗೆ ಹಾಕಬೇಕು. ಹಾಕದಿದ್ದರೆ ನಾಳೆ ಜೋಡಿಸಲು ಅಕ್ಷರವಿಲ್ಲ. ಕನ್ನಡದ ಕಷ್ಟ ಅದನ್ನು ಬಿಚ್ಚಿದವನಿಗೇ ಗೊತ್ತು. ಕಾಗುಣಿತಕ್ಕೆ ಬೇರೆ ಬೇರೆ ಗೂಡು, ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ, ಐತ್ವಕ್ಕೆ ಬೇರೆ. ಮೊಳೆಯ ಮುಖ ಕನ್ನಡಿಯೊಳಗಿನ ಮುಖದಂತೆ ತಿರುಗುಮುರುಗಾಗಿರುತ್ತದೆ. ದ, ಧ, ಥ ಮೂರೂ ಅಣ್ಣತಮ್ಮಂದಿರು. ಪ, ಷ, ವ ಹತ್ತಿರದ ನೆಂಟರು. ಮೊಳೆಯ ಹೊಟ್ಟೆಯ ಮೇಲೊಂದು ಗೀರು ಇರುತ್ತದೆ, ಅದನ್ನು ಬೆರಳಿಂದ ಮುಟ್ಟಿ ಇದು ನೆಟ್ಟಗಿದೆಯೋ ತಲೆಕೆಳಗೋ ಎಂದು ತಿಳಿಯಬೇಕು. ನಾನು ಮೊದಲ ವಾರ ಹಾಕಿದ ಮೊಳೆಗಳಿಂದ ಮೇಸ್ತ್ರಿಗಳು ಜೋಡಿಸಿದ ಸೊಸೈಟಿಯ ನೋಟೀಸಿನಲ್ಲಿ ‘ಸದಸ್ಯರು’ ‘ಸಥಸ್ಯರು’ ಆಗಿದ್ದರು.

ಸ್ಟೂಲಿನ ಪ್ರಕರಣದ ಮೇಲೆ ನಾನೊಂದು ತೀರ್ಮಾನಕ್ಕೆ ಬಂದೆ. ಇನ್ನು ಮೇಲೆ ಯಾವ ಮಾತಿನ ಅರ್ಥವನ್ನೂ ಯಾರಲ್ಲೂ ಕೇಳುವುದಿಲ್ಲ. ಕಿವಿ ತೆರೆದುಕೊಂಡು, ಮಾತಿನ ಹಿಂದುಮುಂದು ನೋಡಿ, ದನಿ ನೋಡಿ, ನಾನೇ ಅರ್ಥ ಮಾಡಿಕೊಳ್ಳುತ್ತೇನೆ. ಮಗು ಭಾಷೆ ಕಲಿಯುವುದೂ ಹೀಗೆಯೇ ಅಲ್ಲವೇ? ಆದರೆ ಮಗು ಗಿರಾಕಿಗಳೊಡನೆ ವ್ಯವಹಾರ ಮಾಡುವುದಿಲ್ಲ. ಈ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ಹಾಗೆ ನಾನು ಸ್ವಂತವಾಗಿ ಕಲಿತ ಮಾತುಗಳಲ್ಲಿ ಒಂದು, ‘ಪೈ ಆಯ್ತು’.

ಮೊದಲ ಸಲ ಅದನ್ನು ಕೇಳಿದ್ದು ಒಂದು ಹೈಸ್ಕೂಲಿನ ಪ್ರಶ್ನೆಪತ್ರಿಕೆ ಅಚ್ಚಾದ ಮರುದಿನ. ತೊಳೆದಿಟ್ಟ ಮೊಳೆಗಳನ್ನು ಗ್ಯಾಲಿಯ ಸಮೇತ ಎತ್ತಿಕೊಂಡು ಬರುವಾಗ ನನ್ನ ಕೈ ಜಾರಿ, ಇಡೀ ಸಮಾಜವಿಜ್ಞಾನ ನೆಲಕ್ಕೆ ಬಿತ್ತು. ನಾನು ನಡುಗುತ್ತ ನಿಂತಿದ್ದರೆ ಮೇಸ್ತ್ರಿಗಳು ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿ, ‘ಪೈ ಆಯ್ತು ಬಿಡು. ಹೆಂಗೂ ಪ್ರಿಂಟ್ ಆಗಿ ಹೋಗಿದೆ’ ಎಂದರು. ಬೈಗುಳವಿಲ್ಲ, ಏನಿಲ್ಲ. ಕೆಲಸ ಮುಗಿದಿದೆ, ಚಿಂತೆಯಿಲ್ಲ ಎಂಬ ನೆಮ್ಮದಿಯ ದನಿ. ನಾನು ಮನಸ್ಸಿನಲ್ಲೇ ಬರೆದುಕೊಂಡೆ: ಪೈ ಆಗುವುದು ಎಂದರೆ ಮುಗಿಯುವುದು.

ಎರಡನೆಯ ಸಲ ಊಟದ ಹೊತ್ತಿನಲ್ಲಿ. ಟ್ರೆಡಲ್ ಮಾಮ ಬುತ್ತಿ ಬಿಚ್ಚುತ್ತ, ‘ನಿನ್ನೆ ನಮ್ಮನೇಲಿ ಒತ್ತುಶಾವಿಗೆ ಮಾಡಿದ್ರು, ಎಲ್ಲ ಪೈ ಆಯ್ತು’ ಎಂದ. ಮೇಸ್ತ್ರಿಗಳು ನಕ್ಕರು. ನಾನೂ ನಕ್ಕೆ. ಪೂರ್ತಿ ತಿಂದು ಮುಗಿಸಿದರೆಂದು ನಾನು ತಿಳಿದೆ; ಎಳೆಗಳೆಲ್ಲ ತುಂಡುತುಂಡಾಗಿ ಕಲಸಿಹೋದವೆಂದು ಅವನು ಹೇಳಿದ್ದ. ನನ್ನ ಅರ್ಥ ಎರಡೂ ಕಡೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಅನುಮಾನಕ್ಕೆ ಒಂದು ತೆಳು ಲೆಡ್ಡು ತೂರಿಸುವಷ್ಟೂ ಜಾಗವಿರಲಿಲ್ಲ.

ಮದುವೆಯ ಕಾಲ ಬಂತು. ವೈಶಾಖವೆಂದರೆ ಸಣ್ಣ ಪ್ರೆಸ್ಸುಗಳಿಗೆ ಸುಗ್ಗಿ. ಜೊತೆಗೆ ಅಕ್ಷರಗಳ ಬರ. ಇದ್ದಬದ್ದ ‘ಚಿ’ಗಳೂ ‘ಸೌ’ಗಳೂ ಯಾವುದೋ ಮದುವೆಯಲ್ಲಿ ಸಿಕ್ಕಿಬಿದ್ದಿರುತ್ತವೆ. ಒಬ್ಬ ಸೌಭಾಗ್ಯವತಿಯನ್ನು ಬಿಚ್ಚುವ ತನಕ ಇನ್ನೊಬ್ಬಳನ್ನು ಜೋಡಿಸುವಂತಿಲ್ಲ. ಅಂಥ ಹೊತ್ತಿನಲ್ಲಿ ಪೇಟೆಯ ಬಟ್ಟೆ ಅಂಗಡಿಯ ಪೈಯವರ ಮಗಳ ಮದುವೆ ಗೊತ್ತಾಯಿತು. (ಅವರ ಹೆಸರು ಬದಲಿಸಿ ಬರೆಯೋಣವೆಂದರೆ ಕಥೆಯೇ ಇಲ್ಲವಾಗುತ್ತದೆ. ನಮ್ಮ ಕಡೆ ಪೈಗಳಿಗೆ ಬರವಿಲ್ಲ, ಬಟ್ಟೆ ಅಂಗಡಿಗಳಿಗೂ ಇಲ್ಲ. ಇವರು ಯಾರೆಂದು ಯಾರೂ ಹುಡುಕಿಕೊಂಡು ಹೋಗಬೇಡಿ.) 300 ಲಗ್ನಪತ್ರಿಕೆ. ಮೇಲೆ ‘ಶ್ರೀ ವೆಂಕಟರಮಣ ಪ್ರಸನ್ನ’, ಕೆಳಗೆ ಗಣಪತಿಯ ಬ್ಲಾಕು, ಕುಂಕುಮ ಬಣ್ಣದ ಶಾಯಿ. ಕರಡು ತಿದ್ದಿ, ಮೂಲೆಗೆ ಅರಿಸಿನ ಹಚ್ಚಿ, ಪೈಯವರು ಬುಧವಾರ ಸಂಜೆ ಒಪ್ಪಿಗೆ ಕೊಟ್ಟು ಹೋದರು.

ಮೇಸ್ತ್ರಿಗಳು ಆ ರಾತ್ರಿಯೇ ಮೊಳೆಗಳನ್ನು ಚೌಕಟ್ಟಿಗೆ ಕಟ್ಟಿದರು. ಕಟ್ಟುವುದೆಂದರೆ, ಕಲ್ಲಿನ ಮೇಜಿನ ಮೇಲೆ ಜೋಡಣೆಯನ್ನಿಟ್ಟು, ಸುತ್ತ ಫರ್ನಿಚರ್ ತುಂಬಿ, ಬೆಣೆ ಹೊಡೆದು ಬಿಗಿಮಾಡುವುದು. ಅಂಟಿಲ್ಲ, ದಾರವಿಲ್ಲ; ಆರುನೂರರ ಆಸುಪಾಸಿನ ಸೀಸದ ತುಂಡುಗಳು ಒಂದನ್ನೊಂದು ಒತ್ತಿಕೊಂಡ ಬಿಗಿಯಲ್ಲೇ ನಿಂತಿರಬೇಕು. ಒಂದು ಸಾಲು ಕೂದಲೆಳೆಯಷ್ಟು ಗಿಡ್ಡವಾದರೂ ಆ ಸಾಲಿನ ಮೊಳೆಗಳು ಸಡಿಲ. ಅದಕ್ಕೇ ಬೆಣೆ ಬಿಗಿದ ಮೇಲೆ ಚೌಕಟ್ಟಿನ ಒಂದು ಮೂಲೆಯನ್ನು ತುಸು ಎತ್ತಿ, ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡುತ್ತಾರೆ. ಅಲ್ಲಾಡುವ ಮೊಳೆಯಿದ್ದರೆ ಆಗಲೇ ಗೊತ್ತಾಗುತ್ತದೆ. ಮೇಸ್ತ್ರಿಗಳು ಅದನ್ನೂ ನೋಡಿದ್ದರು. ನೋಡದೆ ಇದ್ದದ್ದು ಬೆಳಗಿನ ಹೊತ್ತು ಇನ್ನೊಮ್ಮೆ. ಬೇಸಿಗೆಯ ಒಣಹವೆಗೆ ರಾತ್ರಿಯೆಲ್ಲ ಮರದ ಪಟ್ಟಿಗಳು ಕುಗ್ಗುತ್ತವೆ, ಬೆಣೆ ಸಡಿಲವಾಗುತ್ತದೆ. ಹೊಸಬರಿಗೆ ಇದನ್ನು ಹತ್ತು ಸಲ ಹೇಳಿದ್ದವರೇ ಅವರು.

ಗುರುವಾರ. ಯಜಮಾನರು ಕಾಗದ ತರಲು ಶಿವಮೊಗ್ಗಕ್ಕೆ ಹೋಗಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ನಾನು ಹೊರಗಿನ ಕೋಣೆಯಲ್ಲಿ ಬಿಲ್ಲು ಪುಸ್ತಕಕ್ಕೆ ನಂಬರು ಹೊಡೆಯುತ್ತಿದ್ದೆ. ಒಳಗಿನಿಂದ ಗುಂಡುಕಲ್ಲಿನ ಮೇಲೆ ರಾಗಿ ಸುರಿದಂಥ ಸದ್ದು ಬಂತು. ಅದರ ಬೆನ್ನಿಗೇ ಮೇಸ್ತ್ರಿಗಳ ದೊಡ್ಡ ದನಿ:

‘ಪೈ ಆಯ್ತಲ್ಲೋ!’

ಆಮೇಲೆ ಪೂರ್ತಿ ಮೌನ. ನನಗೆ ಬಹಳ ಸಂತೋಷವಾಯಿತು. ಪೈಯವರದು ಮುಗಿಯಿತು! ಇಷ್ಟು ಬೇಗ! ಮೇಸ್ತ್ರಿಗಳ ದನಿಯಲ್ಲಿದ್ದ ಉದ್ಗಾರವೂ ಅದಕ್ಕೆ ಹೊಂದಿಕೊಂಡಿತ್ತು.

ಐದು ನಿಮಿಷವಾಗಿರಲಿಲ್ಲ, ಪೈಯವರೇ ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಹಣೆಯಲ್ಲಿ ಬೆವರು.

‘ಎಂತ ಮಾರಾಯ, ಎಲ್ಲಿಗೆ ಬಂತು ನಮ್ದು?’

ನಾನು ಎದ್ದು ನಿಂತೆ. ಒಬ್ಬ ನುರಿತ ಅಚ್ಚುಕೂಟದವನು ಹೇಗೆ ಹೇಳುತ್ತಾನೋ ಹಾಗೇ ಹೇಳಬೇಕೆನಿಸಿತು. ಎದೆಯುಬ್ಬಿಸಿ ಹೇಳಿದೆ:

‘ಪೈ ಆಯ್ತು ಸಾರ್!’

ಅವರ ಹುಬ್ಬು ಒಮ್ಮೆ ಮೇಲೇರಿತು. ಇಪ್ಪತ್ತು ದಾಟದ ಹುಡುಗ, ‘ಯವರು’ ಇಲ್ಲ, ‘ಗಳು’ ಇಲ್ಲ, ಮುಖಕ್ಕೆ ಹೊಡೆದ ಹಾಗೆ ‘ಪೈ’ ಅಂತಾನಲ್ಲ ಎಂದುಕೊಂಡಿರಬೇಕು. ಆದರೆ ಮಗಳ ಮದುವೆಯ ಸಂಭ್ರಮದಲ್ಲಿದ್ದ ಮನುಷ್ಯ. ಮರುಕ್ಷಣ ಹೊಟ್ಟೆ ಕುಣಿಸಿ ನಕ್ಕರು.

‘ಪೈ ಆಯ್ತಾ? ಭೇಷ್! ಎಲ್ಲಾ 300?’

‘ಎಲ್ಲಾ ಪೈ ಆಗಿದೆ ಸಾರ್. ಮೇಸ್ತ್ರಿಗಳೇ ಹೇಳಿದ್ರು.’

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಅವರು ಬಾಕಿ 80 ರೂಪಾಯಿಯನ್ನು ಅಲ್ಲೇ ಎಣಿಸಿಕೊಟ್ಟರು. ನನ್ನ ಕೈಗೆ ಪ್ರತ್ಯೇಕವಾಗಿ ಎರಡು ರೂಪಾಯಿ ಇಟ್ಟರು. ‘ನಾಲ್ಕೂವರೆ ಬಸ್ಸಿಗೆ ನಮ್ಮ ಭಾವ ಘಾಟಿ ಇಳಿದು ಕುಂದಾಪುರಕ್ಕೆ ಹೋಗ್ತಾ. ಕೆಳಗಿನ ನೆಂಟರಿಗೆಲ್ಲ ಅವನೇ ಹಂಚೂದು. ನಾಲ್ಕು ಗಂಟೆಗೆ ಕಟ್ಟು ತಗೊಂಡು ಬಸ್‌ಸ್ಟ್ಯಾಂಡಿಗೇ ಬಾ’ ಎಂದು ಹೇಳಿ, ಮೆಟ್ಟಿಲು ಇಳಿಯುತ್ತ, ತಮ್ಮಷ್ಟಕ್ಕೆ ‘ಪೈ ಆಯ್ತು, ಪೈ ಆಯ್ತು’ ಎಂದು ರುಚಿ ನೋಡುವವರಂತೆ ಹೇಳಿಕೊಳ್ಳುತ್ತ ಹೋದರು.

ನಾನು ಹಣ ಹಿಡಿದು ಒಳಗೆ ಹೋದೆ. ಟ್ರೆಡಲ್ ಮಾಮ ಬರಿದಾದ ಚೌಕಟ್ಟನ್ನು ಎರಡು ಕೈಯಲ್ಲಿ ಹಿಡಿದು, ಕನ್ನಡಿಯಿಲ್ಲದ ಕನ್ನಡಿಕಟ್ಟಿನೊಳಗಿಂದ ನೋಡುವವನಂತೆ ನಿಂತಿದ್ದ. ಅವನ ಕಾಲ ಬುಡದಲ್ಲಿ ವೆಂಕಟರಮಣ, ವಧು, ವರ, ಸುಮುಹೂರ್ತ, ‘ತಾವು ಸಕುಟುಂಬ ಸಪರಿವಾರರಾಗಿ’ ಎಲ್ಲವೂ ಒಂದು ರಾಶಿಯಾಗಿ ಬಿದ್ದಿದ್ದವು. ಗಣಪತಿಯ ಬ್ಲಾಕು ಮಾತ್ರ ರಾಶಿಯ ಮೇಲೆ ಮುಖ ಮೇಲಾಗಿ ಕೂತಿತ್ತು. ಮೇಸ್ತ್ರಿಗಳು ಹಿತ್ತಿಲಿನಲ್ಲಿ ಬೀಡಿ ಸೇದುತ್ತಿದ್ದರು.

‘ಪೈಯವರು ಬಂದಿದ್ರು. ಪೈ ಆಯ್ತು ಅಂದೆ. ದುಡ್ಡು ಕೊಟ್ಟು ಹೋದ್ರು’ ಎಂದೆ.

ಬೀಡಿ ಅವರ ತುಟಿಯಿಂದ ಬಿತ್ತು.

‘ಪೈಯವರಿಗೆ... ಪೈ ಆಯ್ತು ಅಂತ... ಅದಕ್ಕೆ ಅವರು ದುಡ್ಡು ಕೊಟ್ರಾ?’

‘ಹೌದು. ನನಗೂ ಎರಡು ರೂಪಾಯಿ.’

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು, ಆ ರಾಶಿಯನ್ನು ತೋರಿಸಿ, ಬಾಲಬೋಧೆಯ ಮೇಷ್ಟ್ರ ಹಾಗೆ ಮೆತ್ತಗೆ ಹೇಳಿದರು: ‘ಇದಕ್ಕೆ, ಮಗಾ, ಪೈ ಅಂತಾರೆ.’

ಅದು ಇಂಗ್ಲಿಷಿನ ಅಚ್ಚುಕೂಟಗಳಿಂದ ನಮ್ಮ ಮೇಸ್ತ್ರಿಗಳ ಬಾಯಿಗೆ ಬಂದ ಹಳೆಯ ಮಾತು. ಜೋಡಿಸಿದ ಮೊಳೆ ಬಿದ್ದು ಕಲಸಿಹೋದರೆ ಅದು ಪೈ. ಬಟ್ಟೆ ಅಂಗಡಿಯ ಪೈಯವರಿಗೂ ಅದಕ್ಕೂ ಸಂಬಂಧವಿಲ್ಲ. ಹನ್ನೆರಡಕ್ಕೆ ಒಂದಾಣೆಯಾಗುತ್ತಿದ್ದ ಹಳೆಯ ಕಾಸಿಗೂ ಸಂಬಂಧವಿಲ್ಲ. ನನ್ನನ್ನು ಪಿಯುಸಿಯಲ್ಲಿ ಕೆಡವಿದ ಪೈಗಂತೂ ಇಲ್ಲವೇ ಇಲ್ಲ.

ಮೇಸ್ತ್ರಿಗಳು ನನ್ನನ್ನು ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ಅರಿಸಿನ ಹಚ್ಚಿದ ಕರಡನ್ನು ಕಣ್ಣೆದುರು ಅಂಟಿಸಿಕೊಂಡು ಅವರು ಕೈಯಲ್ಲಿ ಸ್ಟಿಕ್ಕು ಹಿಡಿದರು. ಮಾಮ ಮತ್ತು ನಾನು ರಾಶಿಯ ಎರಡು ಬದಿ ಚಕ್ಕಳಮಕ್ಕಳ ಹಾಕಿ ಕೂತೆವು. ಪೈ ಆದ ಮೊಳೆಯನ್ನು ಸರಿಮಾಡಲು ಅಡ್ಡದಾರಿಯಿಲ್ಲ. ಮೊದಲು ಗಾತ್ರ ನೋಡಿ ಬೇರೆ ಮಾಡಬೇಕು: ಹೆಸರುಗಳಿಗೆ 24 ಪಾಯಿಂಟಿನದು, ಒಕ್ಕಣೆಗೆ 14ರದು, ತುದಿಯ ವಿಳಾಸಕ್ಕೆ 12ರದು. 14ಕ್ಕೂ 12ಕ್ಕೂ ಇರುವ ವ್ಯತ್ಯಾಸ ಒಂದು ಅಂಗುಲದ 36ನೇ ಒಂದು ಪಾಲು. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ಬೇಗ ತಿಳಿಯುತ್ತದೆ. ಆಮೇಲೆ ಗೀರು ನೋಡಿ ನೆಟ್ಟಗೆ ಮಾಡಿ, ಮುಖ ಓದಿ, ಮೇಸ್ತ್ರಿಗಳು ಕೂಗಿದ ಅಕ್ಷರ ಕೈಗೆ ಕೊಡಬೇಕು. ಬೇರೆ ದಿನವಾಗಿದ್ದರೆ ರಾಶಿಯನ್ನು ಬದಿಗಿಟ್ಟು ಕೇಸಿನಿಂದಲೇ ಹೊಸದಾಗಿ ಜೋಡಿಸುತ್ತಿದ್ದರು. ವೈಶಾಖದಲ್ಲಿ ಕೇಸಿನಲ್ಲಿ ಏನಿತ್ತು? ‘ಚಿ’ ಇಲ್ಲ, ‘ಸೌ’ ಇಲ್ಲ, ‘ಶ್ರೀ’ಯಂತೂ ಹದಿನೈದು ದಿನದಿಂದ ಕಂಡವರಿಲ್ಲ. ಬೇಕಾದ್ದೆಲ್ಲ ನೆಲದ ಮೇಲೇ ಇತ್ತು.

ಎರಡು ಗಂಟೆಯ ಹೊತ್ತಿಗೆ ಎಲ್ಲ ಮುಗಿಯುತ್ತ ಬಂತು. ವರನ ಕಡೆಯವರು ಸರಿಯಾಗಿ ಕೂತರು. ಸುಮುಹೂರ್ತ ಕೂತಿತು. ವಧುವಿನ ತಂದೆಯ ಹೆಸರಿಗೆ ಬಂದಾಗ ಮೇಸ್ತ್ರಿಗಳು ಕೈಚಾಚಿದರು.

‘24ರ ಪೆ.’

ಕೊಟ್ಟೆ.

‘ಐತ್ವ.’

ಇಲ್ಲ. ಪೈ ಎಂಬುದು ಓದುವಾಗ ಒಂದೇ ಅಕ್ಷರ. ನಮ್ಮ ಕೇಸಿನಲ್ಲಿ ಎರಡು ಮೊಳೆ. ಪೆಯ ಪಕ್ಕ, ಕೆಳಗೆ ಸುತ್ತಿಕೊಳ್ಳುವ ಐತ್ವ. ಅದೊಂದು ಕಾಣೆ. 24 ಪಾಯಿಂಟಿನ ಐತ್ವ ಪ್ರೆಸ್ಸಿನಲ್ಲಿ ಇದ್ದದ್ದೇ ಮೂರು. ಒಂದು ಯಾವಳೋ ಶೈಲಜೆಯ ಮದುವೆಯಲ್ಲಿತ್ತು, ಇನ್ನೊಂದು ಯಾವುದೋ ಸಂಘದ ಕರಪತ್ರದ ‘ಜೈ’ಯಲ್ಲಿ. ಎರಡೂ ಚೌಕಟ್ಟಿಗೆ ಬಿಗಿದು ಅರ್ಧ ಅಚ್ಚಾಗಿ ನಿಂತಿದ್ದವು. ಅವನ್ನು ಬಿಚ್ಚಿದರೆ ಅವೂ ಪೈ. ಮೂರನೆಯದನ್ನು ಕಲ್ಲಿನ ಮೇಜಿನ ಅಡಿ, ಕೇಸಿನ ಸಂದು, ನೆಲದ ಬಿರುಕು, ಟ್ರೆಡಲ್ಲಿನ ಬುಡ ಎಲ್ಲ ಕಡೆ ಹುಡುಕಿದೆವು. ಮೂರು ಗಂಟೆ ಹೊಡೆಯಿತು.

‘ಪೈಯವರನ್ನ ಪೆ ಮಾಡಿ ಕಳಿಸಲಾ?’ ಎಂದರು ಮೇಸ್ತ್ರಿಗಳು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. ಆ ನಗೆಯಲ್ಲೂ ಅಳುವೇ ಹೆಚ್ಚಿತ್ತು.

ನಾನು ನೀರು ಕುಡಿಯಲು ಎದ್ದು ಹಿತ್ತಿಲಿಗೆ ನಡೆದೆ. ಕಲ್ಲು ಹಾಸಿನ ಮೇಲೆ ನನ್ನ ಹವಾಯಿ ಚಪ್ಪಲಿ ಟಕ್, ಟಕ್ ಎಂದಿತು. ಒಂದೇ ಕಾಲಿನದು. ರಬ್ಬರಿನ ಚಪ್ಪಲಿ ಹಾಗೆ ಸದ್ದು ಮಾಡುವುದಿಲ್ಲ. ಎತ್ತಿ ನೋಡಿದರೆ ಎಡಗಾಲಿನ ಹಿಮ್ಮಡಿಯಲ್ಲಿ, ಬೆಳಿಗ್ಗೆ ಹಣ ಹಿಡಿದುಕೊಂಡು ಒಳಗೆ ಓಡಿ ಬಂದಾಗ ಮೆಟ್ಟಿಕೊಂಡದ್ದು, ಐತ್ವ. ಪೈಯವರ ಅರ್ಧ ಹೆಸರನ್ನು ಕಾಲಡಿ ಇಟ್ಟುಕೊಂಡು ನಾನು ನಾಲ್ಕು ಗಂಟೆ ಓಡಾಡಿದ್ದೆ.

ಮೂರೂಕಾಲಿಗೆ ಚೌಕಟ್ಟು ಮಿಷನ್ನು ಏರಿತು. ಈ ಸಲ ಮೇಸ್ತ್ರಿಗಳು ಮೂಲೆ ಎತ್ತಿ ಮೂರು ಸಲ ಒತ್ತಿ ನೋಡಿದರು. ಮಾಮ ತುಳಿದ ತುಳಿತಕ್ಕೆ 300 ಪತ್ರಿಕೆ ಅರ್ಧ ಗಂಟೆಯೊಳಗೆ ಬಿತ್ತು. ಆದರೆ ಶಾಯಿ ಒಣಗಲು ಅದು ಕೇಳುವಷ್ಟು ಹೊತ್ತು ಬೇಕೇ ಬೇಕು. ಸಾಮಾನ್ಯವಾಗಿ ಹಗ್ಗದ ಮಂಚದ ಮೇಲೆ ತೆಳುವಾಗಿ ಹರಡಿ ಒಂದು ರಾತ್ರಿ ಬಿಡುತ್ತಿದ್ದೆವು. ಅಂದು ಹಸಿಹಸಿಯಾಗಿಯೇ ಪೇರಿಸಿ ಕಟ್ಟಿದೆವು. ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಕಂಡಕ್ಟರು ಸೀಟಿ ಊದುವಾಗ ಕಟ್ಟು ಪೈಯವರ ಭಾವನ ತೊಡೆ ಸೇರಿತು.

ಹಸಿ ಶಾಯಿ ತನ್ನ ಕೆಲಸ ಮಾಡಿತು. ಕಟ್ಟು ಕುಂದಾಪುರ ಸೇರುವಷ್ಟರಲ್ಲಿ ಪ್ರತಿ ಪತ್ರಿಕೆಯ ಬೆನ್ನ ಮೇಲೂ ಅದರ ಕೆಳಗಿನ ಪತ್ರಿಕೆಯ ಗಣಪತಿ ಮಸುಕಾಗಿ, ತಿರುಗುಮುರುಗಾಗಿ ಮೂಡಿದ್ದ. ಮದುವೆಯ ಮರುವಾರ ಪೈಯವರು ಪ್ರೆಸ್ಸಿಗೆ ಬಂದಾಗ ನಾನು ಕೇಸಿನ ಹಿಂದೆ ಅವಿತೆ. ಅವರು ಯಜಮಾನರಿಗೆ ಹೇಳುತ್ತಿದ್ದದ್ದು ಕೇಳಿಸಿತು: ‘ಮುಂದೂ ದೇವರು, ಹಿಂದೂ ದೇವರು. ಹೆಚ್ಚಿನ ದುಡ್ಡು ಕೇಳ್ಬೇಡಿ ಮಾತ್ರ!’ ಹೊರಡುವಾಗ ನನ್ನನ್ನು ಹುಡುಕಿ ಹಿಡಿದು, ‘ಎಂತ, ಇವತ್ತು ಯಾರ್ದು ಪೈ ಆಯ್ತು?’ ಎಂದರು. ಮೇಸ್ತ್ರಿಗಳು ಕೆಮ್ಮಿದರು. ನಿಜ ಹೇಳಲು ಯಾರೂ ಮುಂದಾಗಲಿಲ್ಲ. ಆಗ ಹೇಳದ್ದನ್ನು ಆಮೇಲೆ ಹೇಳಲು ಬಾಯಿಯೇ ಬರಲಿಲ್ಲ.

ಆ ಮಾತು ಅವರಿಗೆ ಹಿಡಿಸಿಬಿಟ್ಟಿತ್ತು. ತಮ್ಮದೇ ಹೆಸರಿನಲ್ಲಿ ಕೆಲಸ ಮುಗಿಯುವುದೆಂದರೆ ಯಾರಿಗೆ ಹಿತವಲ್ಲ? ಅಂಗಡಿಯಲ್ಲಿ ಥಾನು ಅಳೆದು ಹರಿದು ಮಡಚಿಟ್ಟ ಮೇಲೆ ‘ಪೈ ಆಯ್ತು!’ ಸಂಜೆ ಲೆಕ್ಕ ಮುಗಿಸಿ ಗಲ್ಲಾಪೆಟ್ಟಿಗೆ ಮುಚ್ಚುವಾಗ ‘ಪೈ ಆಯ್ತು!’ ಅಂಗಡಿಯ ಹುಡುಗರೂ ಕಲಿತರು. ನಾನು ಪ್ರೆಸ್ಸು ಬಿಟ್ಟು ಬೇರೆ ಊರಿಗೆ ಹೋಗುವಷ್ಟರಲ್ಲಿ ಆ ಬೀದಿಯ ದರ್ಜಿಯೂ ಅಂಗಿಗೆ ಕೊನೆಯ ಗುಂಡಿ ಹಾಕಿ ಹಾಗೇ ಹೇಳುತ್ತಿದ್ದ. ಇಡೀ ಪೇಟೆಯಲ್ಲಿ ಆ ಮಾತನ್ನು ಸರಿಯಾದ ಅರ್ಥದಲ್ಲಿ ಆಡುತ್ತಿದ್ದವರು ಇಬ್ಬರೇ. ಅವರ ಅರ್ಥವೇ ತಪ್ಪೆಂದು ಜನ ತಿಳಿದಿದ್ದರು.

1990ರ ದಶಕದಲ್ಲಿ ನಮ್ಮ ಪ್ರೆಸ್ಸಿಗೂ ಕಂಪ್ಯೂಟರು ಬಂತು, ಆಫ್‌ಸೆಟ್ಟು ಬಂತು. ಮೊಳೆಯನ್ನು ಗುಜರಿಯವನು ಸೀಸದ ಲೆಕ್ಕದಲ್ಲಿ ತೂಕಕ್ಕೆ ಕೊಂಡ. ಗಾತ್ರದ ಪ್ರಕಾರ ಬೇರೆ ಬೇರೆ ಕಟ್ಟಿಕೊಡಲೇ ಎಂದು ಮೇಸ್ತ್ರಿಗಳು ಕೇಳಿದರಂತೆ. ‘ಯಾಕೆ ಸ್ವಾಮಿ, ಕರಗಿಸೋದೇ ಅಲ್ವಾ’ ಎಂದು ಅವನು ಕೇಸುಗಳನ್ನೆಲ್ಲ ಒಂದೊಂದಾಗಿ ಗೋಣಿಚೀಲಕ್ಕೆ ಬೋರಲು ಹಾಕಿದನಂತೆ. ರಜೆಗೆ ಊರಿಗೆ ಹೋದಾಗ ಮೇಸ್ತ್ರಿಗಳ ಮನೆಗೆ ಹೋಗಿದ್ದೆ. ಜಗುಲಿಯಲ್ಲಿ ಕೂತು ಇದನ್ನೆಲ್ಲ ಹೇಳಿ, ಎಲೆಗೆ ಸುಣ್ಣ ಸವರುತ್ತ, ‘ಪೈ ಆಯ್ತು ನೋಡು’ ಎಂದರು. ಅವರು ಯಾರ ಅರ್ಥದಲ್ಲಿ ಹೇಳಿದರು, ತಮ್ಮದೋ ನನ್ನದೋ, ನಾನು ಕೇಳಲಿಲ್ಲ.

ಕಳೆದ ವರ್ಷ ಸಾಗರಕ್ಕೆ ಹೋದಾಗ ಆ ಬಟ್ಟೆ ಅಂಗಡಿಗೆ ಹೊಕ್ಕೆ. ಗಲ್ಲಾದ ಮೇಲೆ ಪೈಯವರ ಫೋಟೋ, ಅದಕ್ಕೆ ಗಂಧದ ಹಾರ. ಕೆಳಗೆ ಮೊಮ್ಮಗ ಕೂತಿದ್ದ. ಎರಡು ಟವೆಲ್ಲು, ಒಂದು ಪಂಚೆ ತೆಗೆದುಕೊಂಡೆ. ಮೊಬೈಲಿನಲ್ಲಿ ದುಡ್ಡು ಕಳಿಸಿದೆ. ಹುಡುಗ ತನ್ನ ಮೊಬೈಲು ನೋಡಿ, ಕೆಲಸದವನ ಕಡೆ ತಿರುಗಿ, ‘ಪೈ ಆಯ್ತು, ಕವರಿಗೆ ಹಾಕಿ ಕೊಡು’ ಎಂದ.

ನನಗೆ ನಗು ಬಂತು. ‘ಹಾಗಂದ್ರೆ ಏನಪ್ಪಾ?’ ಎಂದೆ.

‘ಕೆಲಸ ಆಯ್ತು ಅಂತ ಸಾರ್. ನಮ್ಮ ಅಜ್ಜ ಮಾಡಿದ ಮಾತು’ ಎಂದ.

ನಾನು ‘ಹೌದಾ’ ಎಂದು ಹೇಳಿ ಕವರು ತೆಗೆದುಕೊಂಡೆ.